ಒಟಿಪಿ ಬರುವ ಇಂಟರ್ನೆಟ್ ನಂಬರನ್ನು ಬಿಡುವ ಮುಂಚೆ

ಪ್ರಶ್ನೆ: ಅಮೆರಿಕದಾಗ ಮೂರು ವರ್ಷ ಇದ್ದು ಊರಿಗೆ ಬಂದೀನ್ರಿ. ಅಲ್ಲಿಯ ಬ್ಯಾಂಕಿನ ಒಟಿಪಿ ಬರಲಿ ಅಂತ ಇಂಟರ್ನೆಟ್ ಕಾಲಿಂಗ್ ಆಪ್‌ನ್ಯಾಗ ಅಲ್ಲಿಯ ನಂಬರ್ ತೊಗೊಂಡಿದ್ದೆ. ಜಿಮೇಲ್, ವಾಟ್ಸಾಪ್ ಸೈತ ಅದರ ಮ್ಯಾಲೇ ಅದಾವು. ತಿಂಗಳಾ ರೊಕ್ಕ ಕಟ್ಟಿ ಸಾಕಾಗೇದ. ಆಪ್ ಅಳಿಸಿದ್ರ ಮುಗೀತೇನ್ರಿ?
— ಓದುಗರು, ಜಮಖಂಡಿ

ಉತ್ತರ: ಇಲ್ಲ. ಆಪ್ ಅಳಿಸಿದರೂ ಚಂದಾ ಹಾಗೇ ಇರುತ್ತದೆ, ಕಾರ್ಡಿನಿಂದ ದುಡ್ಡು ಹೋಗುತ್ತಲೇ ಇರುತ್ತದೆ. ಚಂದಾ ರದ್ದು ಮಾಡಿದರೆ ನಂಬರೇ ಕೈತಪ್ಪುತ್ತದೆ. ಅಮೆರಿಕದ ನಿಯಮದಂತೆ, ಕಡಿತವಾದ ನಂಬರನ್ನು ಕನಿಷ್ಠ 45 ದಿನ ಖಾಲಿ ಇಟ್ಟು ಆಮೇಲೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಒಟಿಪಿ ಅವರ ಫೋನಿನಲ್ಲಿ ಮೊಳಗುತ್ತದೆ.

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಇಂಥದೇ ನಂಬರನ್ನು ಮೊದಲು ರದ್ದು ಮಾಡಿ, ಆಮೇಲೆ ಜಿಮೇಲ್‌ನಲ್ಲಿ ನಂಬರ್ ಬದಲಿಸಲು ಕೂತಿದ್ದರು. ಒಳಗೆ ಹೋಗಬೇಕೆಂದರೆ ಹಳೆಯ ನಂಬರಿಗೆ ಬಂದ ಕೋಡನ್ನೇ ಕೇಳುತ್ತಿತ್ತು. ಫೋನ್ ಕೈಗೆ ಸಿಗದಾಗ ಬಳಸಲೆಂದು ಗೂಗಲ್ ಮೊದಲೇ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದರಿಂದ ಬಚಾವಾದರು. ಒಂದೊಂದೂ 8 ಅಂಕಿಯದು, ಒಂದು ಸಲಕ್ಕೆ ಮಾತ್ರ ನಡೆಯುವಂಥದು. ನೀವೂ ಇವತ್ತೇ ಅದನ್ನು ಬರೆದಿಡಿ.

ನಂಬರ್ ಜೀವಂತ ಇರುವಾಗಲೇ ಅದರ ಸಂದೇಶಗಳಲ್ಲಿ code, OTP, verification ಎಂದು ಹುಡುಕಿ. ಮರೆತೇಹೋದ ಖಾತೆಗಳೂ ಹೊರಬರುತ್ತವೆ. ಪಟ್ಟಿ ಮಾಡಿ ಒಂದೊಂದರಲ್ಲೂ ಈಗಿನ ನಂಬರ್ ಹಾಕಿ. ಅಥೆಂಟಿಕೇಟರ್ ಆಪ್ ಒಪ್ಪುವ ಕಡೆ ಅದನ್ನೇ ಜೋಡಿಸಿ, ಅದರ ಕೋಡಿಗೆ ಯಾವ ನಂಬರೂ ಬೇಡ. ವಾಟ್ಸಾಪ್‌ನಲ್ಲಿ Settings, Account, Change number ಮೂಲಕ ಹೋದರೆ ಗುಂಪುಗಳು ಉಳಿಯುತ್ತವೆ. ಜಿಮೇಲ್‌ನಲ್ಲಿ ರಿಕವರಿ ನಂಬರ್ ಬದಲಿಸಿದ ಮೇಲೂ 7 ದಿನ ಹಳೆಯ ನಂಬರಿಗೇ ಕೋಡ್ ಕಳಿಸುವ ಸಾಧ್ಯತೆ ಇರುತ್ತದೆ, ಅಷ್ಟು ದಿನ ಕಾಯಿರಿ.

ತೊಡಕಾಗುವುದು ಬ್ಯಾಂಕಿನದು. ಭಾರತದ ನಂಬರ್ ತೊಗೊಳ್ಳುತ್ತಾರೋ ಇಲ್ಲವೋ ಫೋನ್ ಮಾಡಿ ಕೇಳಿ. ಅಮೆರಿಕದ ನಂಬರೇ ಬೇಕು ಎಂದರೆ ರದ್ದು ಮಾಡಬೇಡಿ, ಕಡಿಮೆ ದರದ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ. ಅರ್ಜಿ ಹಾಕುವುದು ಹೊಸ ಕಂಪನಿಯಲ್ಲಿ. ಅವರು ಹಳೆಯ ಕಂಪನಿಯ ಖಾತೆ ಸಂಖ್ಯೆ, ಪಿನ್ ಕೇಳುತ್ತಾರೆ. ಆದರೆ ಆ ನಂಬರನ್ನು ತೊಗೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ಇಂಟರ್ನೆಟ್ ನಂಬರನ್ನು ಎಲ್ಲರೂ ಒಪ್ಪುವುದಿಲ್ಲ. ಸತ್ತ ನಂಬರನ್ನಂತೂ ಯಾರೂ ಪೋರ್ಟ್ ಮಾಡಲಾರರು.

ಎಲ್ಲ ಬದಲಾದ ಮೇಲೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪ್ರತಿ ಖಾತೆಗೂ ಹೊಸದಾಗಿ ಲಾಗಿನ್ ಆಗಿ. ಕೋಡ್ ಹಳೆಯ ನಂಬರಿಗೆ ಬಂತೆಂದರೆ ಆ ಖಾತೆಯ ಕೆಲಸ ಬಾಕಿ ಇದೆ.

ಚಂದಾ ಪ್ಲೇ ಸ್ಟೋರಿನದಾದರೆ ನಿಮ್ಮ ಚಿತ್ರ ಒತ್ತಿ Payments & subscriptions, ಆಮೇಲೆ Subscriptions ತೆರೆದು ರದ್ದು ಮಾಡಿ. ಕಂಪನಿಯ ತಾಣದಲ್ಲಿ ಕಾರ್ಡ್ ಕೊಟ್ಟಿದ್ದರೆ ಅಲ್ಲಿಯೇ ಹೋಗಬೇಕು. ರದ್ದಾಯಿತೆಂದು ಬರುವ ಮೇಲ್ ತೆಗೆದಿಟ್ಟುಕೊಂಡು, ಮುಂದಿನ ತಿಂಗಳ ಕಾರ್ಡ್ ಬಿಲ್‌ನಲ್ಲಿ ಆ ಸಾಲು ಇದೆಯೇ ನೋಡಿ.