ಬಸ್ ಪತ್ರಕ್ಕೆ ಒಂದೇ ದೂರು ಸಾಕು

"ನಮ್ಮೂರ ಬಸ್ ಬಗ್ಗೆ ಸಂಪಾದಕರಿಗೆ ಬರೆದ ಪತ್ರ 210 ಪದ ಆಗಿದೆ, 100ಕ್ಕೆ ಇಳಿಸಬೇಕು. ತಡ, ಚಿಲ್ಲರೆ ಜಗಳ, ಹರಿದ ಸೀಟು ಎಲ್ಲ ಬರೆದಿದ್ದೇನೆ. 'ಬಸ್ಸುಗಳು ತಡವಾಗಿ ಬರುತ್ತದೆ, ವಿದ್ಯಾರ್ಥಿಗಳಿಗೆ ತುಂಬಾ ತೊಂದರೆ ಪಡುತ್ತಿದ್ದಾರೆ' ಸರಿಯಾ?"

ಮೂರು ದೂರು ಒಟ್ಟಿಗೆ ತುಂಬಿದ್ದಕ್ಕೇ ಪತ್ರ ಉದ್ದವಾಗಿದೆ. ತಡವಾಗುವುದನ್ನು ಮಾತ್ರ ಉಳಿಸಿಕೊಳ್ಳಿ. ಚಿಲ್ಲರೆ, ಸೀಟು ಬಿಡಿ. ಅವು ಸುಳ್ಳಂತಲ್ಲ, ಆದರೆ ಅಧಿಕಾರಿ ಸುಲಭವಾದ ಸೀಟನ್ನು ಹೊಲಿಸಿ ಸುಮ್ಮನಾಗಬಹುದು, ಅಲ್ವಾ?

ಆಮೇಲೆ ಶುರುವಿನ 'ತಮ್ಮ ಜನಪ್ರಿಯ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ' ಥರದ ಸಾಲಿದ್ದರೆ ತೆಗೆಯಿರಿ. ಪತ್ರಿಕೆಯವರು ಹೇಗೂ ಕತ್ತರಿಸುತ್ತಾರೆ.

ವಾಕ್ಯದಲ್ಲಿ ಎರಡು ತಪ್ಪಿವೆ. 'ಬಸ್ಸುಗಳು' ಬಹುವಚನ, ಹಾಗಾಗಿ 'ಬರುತ್ತವೆ'. ತೊಂದರೆ ಪಡುವವರು 'ವಿದ್ಯಾರ್ಥಿಗಳು'. 'ವಿದ್ಯಾರ್ಥಿಗಳಿಗೆ' ಎಂದರೆ 'ತೊಂದರೆಯಾಗುತ್ತಿದೆ' ಅನ್ನಬೇಕು. 'ತುಂಬಾ' ಬದಲು ಆಗಿದ್ದನ್ನೇ ಹೇಳಿ:

"ಬೆಳಿಗ್ಗೆ 8ರ ಬಸ್ ಹೆಚ್ಚಿನ ದಿನ 9ಕ್ಕೆ ಬರುತ್ತದೆ. ವಿದ್ಯಾರ್ಥಿಗಳಿಗೆ ಮೊದಲ ತರಗತಿ ತಪ್ಪಿ, ಹಾಜರಾತಿ ಕಡಿಮೆಯಾಗುತ್ತಿದೆ. ಈ ಬಸ್ಸನ್ನು ಸಮಯಕ್ಕೆ ಬಿಡಬೇಕು, ಇಲ್ಲವೇ 7.30ಕ್ಕೆ ಇನ್ನೊಂದು ಬಸ್ ಹಾಕಬೇಕು."

ಸಮಯ ನಿಮ್ಮೂರಿನದು ಹಾಕಿ. ಇದಕ್ಕೆ ಊರು, ಮಾರ್ಗ, ಎಷ್ಟು ದಿನದಿಂದ ಹೀಗಾಗಿದೆ ಅನ್ನುವುದು ಸೇರಿದರೂ 100 ದಾಟುವುದಿಲ್ಲ. ಕೊನೆಗೆ ಹೆಸರು, ಊರು ಬರೆಯಿರಿ. ಪದಮಿತಿ ಪತ್ರಿಕೆಯಿಂದ ಪತ್ರಿಕೆಗೆ ಬೇರೆ ಇರಬಹುದು, ಕಳಿಸುವ ಮೊದಲು ಆ ಅಂಕಣದ ಸೂಚನೆ ನೋಡಿ.