32ನೇ ವಾರದಿಂದ ಹೆರಿಗೆವರೆಗೆ ಮಗುವಿನಲ್ಲಿ ಏನೇನು ಬೆಳೆಯುತ್ತದೆ?

"ನನಗೀಗ 32 ವಾರ, ಮೊದಲ ಮಗು. ಸ್ಕ್ಯಾನ್‌ನಲ್ಲಿ ತೂಕ 1.7 ಕೆಜಿ, ತಲೆ ಇನ್ನೂ ಮೇಲೆ ಇದೆ ಅಂದ್ರು. ಶ್ವಾಸಕೋಶ ಬೆಳೆದಿರುತ್ತಾ? ತೂಕ ಸಾಕಾ? ಮಗು ತಿರುಗದಿದ್ರೆ ಏನು ಮಾಡೋದು?"

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಈ ವಾರಕ್ಕೆ 1.7 ಕೆಜಿ ಸರಿಯಾದ ತೂಕವೇ. ತಲೆ ಮೇಲಿರುವುದಕ್ಕೂ ಈಗಲೇ ಹೆದರಬೇಕಾಗಿಲ್ಲ. ಇನ್ನೂ ನಿಜವಾಗಿ ಟೈಮ್ ಬೇಕಾಗಿರುವುದು ಶ್ವಾಸಕೋಶಕ್ಕೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಹೊಟ್ಟೆಯೊಳಗೆ ಮಗು ಗಾಳಿ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಶ್ವಾಸಕೋಶದ ತುಂಬ ಇರುವುದು ನೀರು. ಆದರೂ ಮಗು ಎದೆ ಏರಿಳಿಸುತ್ತಾ ಉಸಿರಾಟದ ಅಭ್ಯಾಸ ಮಾಡುತ್ತಿರುತ್ತದೆ. ಸ್ಕ್ಯಾನ್ ಮಾಡುವಾಗ ಇದು ಚೆನ್ನಾಗಿ ಕಾಣುತ್ತದೆ. ಶ್ವಾಸಕೋಶದ ತುದಿಯಲ್ಲಿ ಸಣ್ಣ ಸಣ್ಣ ಗಾಳಿಚೀಲಗಳಿರುತ್ತವೆ. ಒದ್ದೆಯಾದ ಪ್ಲಾಸ್ಟಿಕ್ ಕವರ್‌ನ ಎರಡು ಬದಿ ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೋ, ಹಾಗೆ ಉಸಿರು ಬಿಟ್ಟಾಗಲೆಲ್ಲ ಈ ಚೀಲಗಳು ಅಂಟಿಕೊಳ್ಳುತ್ತವೆ. ಅಂಟದಂತೆ ತಡೆಯಲು ಒಂದು ಜಾರುವ ಪದರ ಬೇಕು. ಅದಕ್ಕೆ ಸರ್ಫ್ಯಾಕ್ಟೆಂಟ್ ಅನ್ನುತ್ತಾರೆ. 24ನೇ ವಾರದ ಹೊತ್ತಿಗೆ ಇದು ಸ್ವಲ್ಪ ಸ್ವಲ್ಪ ತಯಾರಾಗಲು ಶುರುವಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಸಾಕಷ್ಟು ಆಗುವುದು 34ರಿಂದ 36ನೇ ವಾರದ ಹೊತ್ತಿಗೆ. ಅಂದರೆ ನಿಮ್ಮ ಮಗುವಿನಲ್ಲಿ ಆ ಕೆಲಸ ಈಗ ಭರದಿಂದ ನಡೆಯುತ್ತಿದೆ, ಮುಗಿದಿಲ್ಲ.

ಮುಗಿಯುವ ಮೊದಲೇ ಹೆರಿಗೆ ಆದರೆ ಏನಾಗುತ್ತದೆ? ನಮ್ಮ ವಾರ್ಡಿಗೆ ಒಬ್ಬರು 33ನೇ ವಾರಕ್ಕೇ ನೋವು ಅಂತ ಬಂದಿದ್ದರು. ಗರ್ಭಕೋಶದ ಬಾಯಿ ತೆರೆಯಲು ಶುರುವಾಗಿತ್ತು. ಡಾಕ್ಟರ್ ತಕ್ಷಣ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿದರು. ಈ ಔಷಧ ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿಗೆ ಹೋಗಿ, ಅದರ ಶ್ವಾಸಕೋಶ ಬೇಗ ಪಕ್ವವಾಗುವಂತೆ ಮಾಡುತ್ತದೆ. ಅವರಿಗೆ ಕೊಟ್ಟಿದ್ದು ಬೀಟಾಮೆಥಾಸೋನ್, 24 ಗಂಟೆ ಅಂತರದಲ್ಲಿ ಎರಡು ಡೋಸ್. ಅದು ಕೆಲಸ ಮಾಡಲು ಟೈಮ್ ಸಿಗಲಿ ಅಂತ ಹೆರಿಗೆಯನ್ನು ಸ್ವಲ್ಪ ಮುಂದಕ್ಕೆ ಹಾಕುವ ಔಷಧವನ್ನೂ ಕೊಟ್ಟರು. ಎರಡನೇ ಡೋಸ್ ಆದ ಮರುದಿನ ಹೆರಿಗೆ ಆಯಿತು. ಮಗು 1.9 ಕೆಜಿ ಇತ್ತು, ಹುಟ್ಟಿದ ಕೂಡಲೇ ಅತ್ತಿತು. ಆದರೆ ಸ್ವಲ್ಪ ಹೊತ್ತಿಗೆ ಉಸಿರು ಜೋರಾಯಿತು. ಉಸಿರು ಬಿಡುವಾಗ ಮುಲುಗುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆಯ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ಗಾಳಿಚೀಲ ಮುಚ್ಚಿಕೊಳ್ಳುತ್ತಿವೆ, ಮಗು ಅದನ್ನು ತೆರೆದಿಡಲು ಒದ್ದಾಡುತ್ತಿದೆ ಅನ್ನುವುದಕ್ಕೆ ಇವೇ ಗುರುತು. ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಹಾಕಿದರು. ಎರಡು ದಿನದಲ್ಲಿ ಅದನ್ನು ತೆಗೆದರು. ಆ ಎರಡು ಇಂಜೆಕ್ಷನ್ ಇಲ್ಲದಿದ್ದರೆ ಕಷ್ಟ ಇನ್ನೂ ಜಾಸ್ತಿ ಆಗುವ ಸಾಧ್ಯತೆ ಇತ್ತು.

ಅದಕ್ಕೇ ಹೇಳುವುದು, 37 ವಾರ ತುಂಬುವ ಮೊದಲು ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗುತ್ತಿದ್ದರೆ, ಸೊಂಟದ ನೋವು ಅಲೆಅಲೆಯಾಗಿ ಬಂದು ಹೋಗುತ್ತಿದ್ದರೆ, ನೀರು ಸೋರಿದರೆ ಮನೆಯಲ್ಲಿ ಕಾದು ನೋಡಬೇಡಿ. ಇಂಜೆಕ್ಷನ್ ಕೆಲಸ ಮಾಡಲು ಸುಮಾರು ಒಂದು ದಿನ ಬೇಕು. ನೀವು ಬೇಗ ಬಂದಷ್ಟೂ ಆ ಒಂದು ದಿನ ಸಿಗುವ ಸಾಧ್ಯತೆ ಜಾಸ್ತಿ.

ಶ್ವಾಸಕೋಶದ ವಿಷಯದಲ್ಲಿ ಇನ್ನೊಂದು ಮಾತು. ಒಳಗಿರುವ ನೀರನ್ನು ಹೀರಿಕೊಳ್ಳುವ ಕೆಲಸಕ್ಕೆ ಹೆರಿಗೆ ನೋವಿನ ಹೊತ್ತಿನ ಹಾರ್ಮೋನುಗಳು ತುಂಬಾ ಸಹಾಯ ಮಾಡುತ್ತವೆ. ನೋವು ಬರುವ ಮೊದಲೇ ದಿನ ನೋಡಿ ಸಿಸೇರಿಯನ್ ಮಾಡಿದರೆ ಕೆಲವು ಮಕ್ಕಳಿಗೆ ಹುಟ್ಟಿದ ಮೇಲೆ ಸ್ವಲ್ಪ ಹೊತ್ತು ಏದುಸಿರು ಬರುವುದು ಇದರಿಂದಲೇ. ಬೇರೆ ಕಾರಣ ಇಲ್ಲದಿದ್ದರೆ ಅಂಥ ಸಿಸೇರಿಯನ್ನನ್ನು 39 ವಾರಕ್ಕಿಂತ ಮುಂಚೆ ಇಟ್ಟುಕೊಳ್ಳಬಾರದು. ಸುಮ್ನೆ ಅನುಕೂಲಕ್ಕೆ ಅಂತ ಒಂದೆರಡು ವಾರ ಹಿಂದಕ್ಕೆ ತರುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನು ತೂಕ. ಈಗಿನಿಂದ 36ನೇ ವಾರದವರೆಗೆ ಮಗು ವಾರಕ್ಕೆ ಸುಮಾರು 200 ಗ್ರಾಂ ಏರುತ್ತದೆ. ಅದರಲ್ಲಿ ಒಳ್ಳೆಯ ಪಾಲು ಕೊಬ್ಬು. 28ನೇ ವಾರದ ಮಗುವಿನ ಚರ್ಮ ತೆಳ್ಳಗೆ, ಸುಕ್ಕುಸುಕ್ಕಾಗಿ, ಕೆಳಗಿನ ರಕ್ತನಾಳ ಕಾಣುವಂತಿರುತ್ತದೆ. ಕೊಬ್ಬು ತುಂಬಿದ ಹಾಗೆ ಅದು ಗುಂಡಗಾಗುತ್ತದೆ. ಕುತ್ತಿಗೆಯ ಸುತ್ತ, ಬೆನ್ನಿನ ಮೇಲೆ ಹೆಗಲ ಮೂಳೆಗಳ ನಡುವೆ, ಮೂತ್ರಪಿಂಡದ ಸುತ್ತ ಕಂದು ಕೊಬ್ಬು ಅಂತ ಬೇರೆ ಒಂದು ಬಗೆ ಇರುತ್ತದೆ. ಹಸುಗೂಸು ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲಾರದು. ಈ ಕೊಬ್ಬನ್ನು ಉರಿಸಿಯೇ ಶಾಖ ಪಡೆಯುತ್ತದೆ. ಮೇಲೆ ಹೇಳಿದ ಮಗುವಿನಲ್ಲಿ ಅದು ಕಡಿಮೆ ಇತ್ತು. ಉಸಿರಾಟ ಸರಿಯಾದ ಮೇಲೂ ಟೋಪಿ ಹಾಕಿ, ತಾಯಿಯ ಬರೀ ಎದೆಗೆ ಒರಗಿಸಿಯೇ ಇಡಬೇಕಾಯಿತು.

ಸ್ಕ್ಯಾನ್ ತೂಕ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ತಲೆ, ಹೊಟ್ಟೆ, ತೊಡೆಮೂಳೆಯ ಅಳತೆಯಿಂದ ಅದನ್ನು ತೆಗೆಯುತ್ತಾರೆ. ಶೇಕಡಾ 10ರಿಂದ 15ರಷ್ಟು ಆಚೀಚೆ ಇರುವುದು ಸಾಮಾನ್ಯ. ಒಂದು ಸ್ಕ್ಯಾನಿನ ಅಂಕಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಹೊಟ್ಟೆಯ ಸುತ್ತಳತೆ. ಮಗುವಿನ ಲಿವರ್‌ನಲ್ಲಿ ಸಂಗ್ರಹವಾಗುವ ಸಕ್ಕರೆ ಅಂಶ ಮತ್ತು ಹೊಟ್ಟೆಯ ಕೊಬ್ಬು ಎರಡೂ ಅದರಲ್ಲಿ ಕಾಣುತ್ತವೆ. ಮಾಸಿನಿಂದ ಪೋಷಣೆ ಸಾಲದಿದ್ದರೆ ಮಗು ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ. ತಲೆ ಬೆಳೆಯುತ್ತಾ ಹೋಗುತ್ತದೆ, ಹೊಟ್ಟೆ ಹಿಂದೆ ಬೀಳುತ್ತದೆ. ತಾಯಿಗೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಸಾಮಾನ್ಯವಾಗಿ ಹೊಟ್ಟೆಯೇ ದೊಡ್ಡದಾಗುತ್ತದೆ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರೆ, ಹಿಂದಿನ ರಿಪೋರ್ಟ್ ತೆಗೆದುಕೊಂಡು ಹೋಗಿ ಎರಡನ್ನೂ ಹೋಲಿಸಿ ನೋಡಲು ಹೇಳಿ.

ಕೊನೆಗೆ ತಲೆಯ ವಿಷಯ. 28ನೇ ವಾರದಲ್ಲಿ ನಾಲ್ಕೈದು ಮಕ್ಕಳಲ್ಲಿ ಒಂದರ ತಲೆ ಮೇಲೇ ಇರುತ್ತದೆ. ತಿಂಗಳು ತುಂಬುವ ಹೊತ್ತಿಗೆ ಹಾಗೆ ಉಳಿಯುವುದು ನೂರಕ್ಕೆ ಮೂರು ನಾಲ್ಕು ಮಾತ್ರ. ನಿಮ್ಮ ಮಗುವಿಗೆ ಈಗ ತಿರುಗಲು ನೀರೂ ಇದೆ, ಜಾಗವೂ ಇದೆ. ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ ಒತ್ತಿದ ಹಾಗಿದ್ದು, ಒದೆತವೆಲ್ಲ ಕೆಳಹೊಟ್ಟೆಯಲ್ಲಿ ಗೊತ್ತಾದರೆ ತಲೆ ಮೇಲಿದೆ ಅಂತ ಊಹಿಸಬಹುದು. ಅದೇ ಒದೆತ ಮೇಲಕ್ಕೆ ಬಂದು, ಬಿಕ್ಕಳಿಕೆ ಕೆಳಗೆ ಗೊತ್ತಾಗತೊಡಗಿದರೆ ತಿರುಗಿರುವ ಸಾಧ್ಯತೆ ಹೆಚ್ಚು. ಖಾತ್ರಿಯಾಗುವುದು ಡಾಕ್ಟರ್ ಕೈಯಿಂದ ಇಲ್ಲವೇ ಸ್ಕ್ಯಾನಿನಿಂದ.

36ನೇ ವಾರಕ್ಕೂ ತಿರುಗದಿದ್ದರೆ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: ಹೊರಗಿನಿಂದ ಕೈಯಿಂದಲೇ ಮಗುವನ್ನು ತಿರುಗಿಸಲು ಆಗುತ್ತಾ? ಆಸ್ಪತ್ರೆಯಲ್ಲಿ, ಮಗುವಿನ ಎದೆಬಡಿತ ನೋಡಿಕೊಂಡು, ತಜ್ಞರು ಮಾತ್ರ ಮಾಡುವ ಕೆಲಸ ಇದು. ಸುಮಾರು ಅರ್ಧದಷ್ಟು ಜನರಲ್ಲಿ ಫಲಿಸುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ ಮಾಡುವುದಿಲ್ಲ. ಮನೆಯಲ್ಲಿ ಯಾರಾದರೂ ಹೊಟ್ಟೆ ನೀವಿ ತಿರುಗಿಸುತ್ತೇನೆ ಅಂದರೆ ಖಂಡಿತ ಬಿಡಬೇಡಿ. ತಿರುಗದಿದ್ದರೆ ಹೆಚ್ಚಾಗಿ ಸಿಸೇರಿಯನ್ ಮಾಡುತ್ತಾರೆ. ತಲೆ ಮೇಲಿರುವಾಗ ಅಥವಾ ಮಗು ಅಡ್ಡ ಇರುವಾಗ ನೀರು ಒಡೆದರೆ ಹೊಕ್ಕುಳಬಳ್ಳಿ ಮೊದಲು ಜಾರಿ ಹೊರಗೆ ಬರುವ ಅಪಾಯವಿದೆ. ಆಗ ನೋವು ಇಲ್ಲದಿದ್ದರೂ ಆ ಕ್ಷಣವೇ ಹೊರಡಿ.

ತಲೆ ಕೆಳಗೆ ಬಂದು ಸೊಂಟದ ಮೂಳೆಯೊಳಗೆ ಇಳಿದಾಗ ನಿಮಗೆ ಉಸಿರಾಟ ಹಗುರಾಗುತ್ತದೆ, ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ. ಮಗು ಇಳಿದ ಮೇಲೆ ಅಲುಗಾಟ ಕಡಿಮೆಯಾಗುವುದು ಸಹಜ ಅಂತ ಯಾರಾದರೂ ಹೇಳಬಹುದು. ಅದು ತಪ್ಪು. ಒದೆತದ ರೀತಿ ಬದಲಾಗಬಹುದು, ಆದರೆ ಹೆರಿಗೆಯ ದಿನದವರೆಗೂ ಮಗು ಅಲುಗಾಡುತ್ತಲೇ ಇರಬೇಕು. ಮಾಮೂಲಿಗಿಂತ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ ಎದೆಬಡಿತ ಪರೀಕ್ಷೆ ಮಾಡಿಸಿ.