ನರದ ಮಾತ್ರೆ ನುಂಗಿ ನರ ಸೋತಾಗ

ಪ್ರಶ್ನೆ: ಶಂಕರಪುರದಲ್ಲಿ ನಮ್ಮದು ಮಲ್ಲಿಗೆ ಕೃಷಿ. ಅಮ್ಮನಿಗೆ 57 ವರ್ಷ. ಎರಡು ವರ್ಷದ ಹಿಂದೆ ಅವರಿಗೆ ಅಂಗಾಲು ಜುಮುಗುಟ್ಟುತ್ತಿತ್ತು, ಡಾಕ್ಟರು ಒಂದು ತಿಂಗಳಿಗೆ ಬಿ6 ಮಾತ್ರೆ ಬರೆದರು. ಅದೇ ಚೀಟಿ ತೋರಿಸಿ ಈಗಲೂ ತರುತ್ತಿದ್ದೇವೆ. ಜೋಮು ಹೆಚ್ಚಾದ ಮೇಲೆ ದಿನಕ್ಕೆ ಎರಡು ಮಾಡಿದೆವು. ಈಗ ಬೆರಳಿಗೆ ಮೊಗ್ಗು ಸಿಕ್ಕಿದ್ದು ಗೊತ್ತಾಗುವುದಿಲ್ಲ, ಕಣ್ಣಿನಿಂದ ನೋಡಿಯೇ ಹೂ ಕಟ್ಟಬೇಕು. ಮುಖ ತೊಳೆಯುವಾಗ ವಾಲುತ್ತಾರೆ. ಇನ್ನೂ ಪವರ್ ಇರುವ ಮಾತ್ರೆ ಕೊಡಬಹುದೇ? ಸ್ಟ್ರಿಪ್‌ಗಳ ಫೋಟೊ ಕಳುಹಿಸಿದ್ದೇನೆ.

ಉತ್ತರ: ಬೇಡ. ಬಿ6 ಮಾತ್ರೆಯನ್ನು ಇವತ್ತೇ ನಿಲ್ಲಿಸಿ. ಹಂತಹಂತವಾಗಿ ಇಳಿಸುವ ಅಗತ್ಯವೂ ಇಲ್ಲ.

ಫೋಟೊದಲ್ಲಿ ಎರಡು ಸ್ಟ್ರಿಪ್ ಇವೆ. ಒಂದು ಮೀಥೈಲ್‌ಕೋಬಾಲಮಿನ್ ಸೇರಿದ ಕ್ಯಾಪ್ಸೂಲ್. ಅದರಲ್ಲಿ ಪಿರಿಡಾಕ್ಸಿನ್, ಅಂದರೆ ಬಿ6, ಇರುವುದು 3 ಮಿಲಿಗ್ರಾಂ ಮಾತ್ರ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಇನ್ನೊಂದರ ಹಿಂಬದಿಯಲ್ಲಿ 'ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್ 100 ಮಿಲಿಗ್ರಾಂ' ಎಂದಿದೆ. ದಿನಕ್ಕೆ ಎರಡು ಎಂದರೆ 200. ನಮ್ಮ ದೇಹಕ್ಕೆ ದಿನಕ್ಕೆ ಬೇಕಾಗಿರುವುದು ಸುಮಾರು 2 ಮಿಲಿಗ್ರಾಂ. ಒಂದು ತಿಂಗಳಿಗೆಂದು ಬರೆದ ಚೀಟಿ ಎರಡು ವರ್ಷ ಓಡಿದೆ, ಯಾರೂ ತಡೆದಿಲ್ಲ. ಹಳೆಯ ಚೀಟಿಗೆ ಮತ್ತೆ ಮತ್ತೆ ಮಾತ್ರೆ ಕೊಡುವ ಅಂಗಡಿಗಳ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ. 'ಬರೀ ವಿಟಮಿನ್ ತಾನೇ' ಎಂಬ ಮಾತನ್ನು ವಾರವಾರವೂ ಕೇಳುತ್ತೇನೆ.

ಬಿ6 ಕಡಿಮೆಯಾದರೂ ನರ ಕೆಡುತ್ತದೆ, ಅತಿಯಾದರೂ ಕೆಡುತ್ತದೆ. ಎರಡರಲ್ಲಿಯೂ ಕಾಣಿಸುವುದು ಜೋಮು. ಹಾಗಾಗಿಯೇ ಜೋಮು ಹೆಚ್ಚಿದಾಗ ಮಾತ್ರೆ ಹೆಚ್ಚಿಸಬೇಕೆಂದು ಜನರಿಗೆ ತೋಚುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ ಎಂದು ನನ್ನ ಬಲವಾದ ಅನುಮಾನ.

ಅನುಮಾನಕ್ಕೆ ಕಾರಣ ನೀವು ಬರೆದ ಎರಡು ಸಂಗತಿಗಳು. ಮೊದಲನೆಯದು ಬೆರಳಿನದು. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಪಾದದಿಂದ ನಿಧಾನವಾಗಿ ಮೇಲೇರಿ, ಮೊಣಕಾಲಿನ ಹತ್ತಿರ ಬಂದ ನಂತರವೇ ಕೈಬೆರಳಿಗೆ ಬರುತ್ತದೆ. ಬಿ6 ಅತಿಯಾದಾಗ ಕೈ ಅಷ್ಟು ಕಾಯುವುದಿಲ್ಲ. ಸ್ಪರ್ಶ, ನೋವು, ಅಂಗಾಂಗ ಎಲ್ಲಿದೆ ಎಂಬ ಅರಿವು ಇವನ್ನೆಲ್ಲ ಹೊತ್ತೊಯ್ಯುವ ನರಕೋಶಗಳು ಬೆನ್ನುಹುರಿಯ ಪಕ್ಕದಲ್ಲಿ ಸಣ್ಣ ಗಂಟುಗಳಾಗಿ ಕುಳಿತಿವೆ. ರಕ್ತದಲ್ಲಿರುವ ಪದಾರ್ಥಗಳು ಬೇರೆ ನರಗಳಿಗಿಂತ ಈ ಗಂಟುಗಳಿಗೆ ಸುಲಭವಾಗಿ ನುಗ್ಗುತ್ತವೆ. ಪೆಟ್ಟು ಬೀಳುವುದು ಅಲ್ಲಿಗೇ. ಸ್ನಾಯುಗಳನ್ನು ನಡೆಸುವ ನರಕೋಶಗಳು ಬೆನ್ನುಹುರಿಯ ಒಳಗೆ ಬೇರೆ ಕಡೆ ಇರುವುದರಿಂದ ಬಲ ಕುಂದುವುದಿಲ್ಲ. ನಿಮ್ಮ ತಾಯಿ ತುಂಬಿದ ಕೊಡವನ್ನು ಎತ್ತಬಲ್ಲರು, ಆದರೆ ಬಾಳೆನಾರಿನ ಕುಣಿಕೆಯೊಳಗೆ ಮೊಗ್ಗು ಕುಳಿತಿದೆಯೋ ಜಾರಿದೆಯೋ ಬೆರಳಿಗೆ ತಿಳಿಯುವುದಿಲ್ಲ. ಇಷ್ಟು ವರ್ಷ ಮಾತಾಡುತ್ತಾ, ಟಿವಿ ನೋಡುತ್ತಾ ಕಟ್ಟುತ್ತಿದ್ದವರು ಈಗ ಪ್ರತಿ ಮೊಗ್ಗನ್ನೂ ನೋಡಿ ಕಟ್ಟುತ್ತಿದ್ದರೆ, ಅದು ವಯಸ್ಸಲ್ಲ.

ಎರಡನೆಯದು ಮುಖ ತೊಳೆಯುವಾಗ ವಾಲುವುದು. ಕಾಲು ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟದಿದ್ದಾಗ ಕಣ್ಣು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಕಣ್ಣು ಮುಚ್ಚಿದ ಕೂಡಲೇ ಆಧಾರ ಹೋಗುತ್ತದೆ. ಕರೆಂಟು ಹೋದಾಗ ಅಂಗಳದಲ್ಲಿ ನಡೆಯುವುದೂ ಅವರಿಗೆ ಕಷ್ಟವಾಗುತ್ತಿರಬೇಕು, ಕೇಳಿ ನೋಡಿ. ಇದನ್ನು 'ತಲೆಸುತ್ತು' ಎಂದು ತಿಳಿದು ಮತ್ತೊಂದು ಮಾತ್ರೆ ಶುರು ಮಾಡಬೇಡಿ.

ನಾನಿದನ್ನು ಫೋಟೊ ನೋಡಿ ಹೇಳುತ್ತಿದ್ದೇನೆ, ಪರೀಕ್ಷೆ ಆಗಲೇಬೇಕು. ನರರೋಗ ತಜ್ಞರು ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ ಯಾವ ಕಡೆಗೆಂದು ಕೇಳುತ್ತಾರೆ, ಕಂಪನದ ಕವೆಯನ್ನು ಮೂಳೆಯ ಮೇಲಿಡುತ್ತಾರೆ, ಹಿಮ್ಮಡಿಯ ಮೇಲೆ ಸುತ್ತಿಗೆಯಿಂದ ತಟ್ಟುತ್ತಾರೆ. ನರಗಳ ವಿದ್ಯುತ್ ಪರೀಕ್ಷೆಯಲ್ಲಿ ಸಂವೇದನೆಯ ಸಂಕೇತಗಳು ಕುಗ್ಗಿ ಅಥವಾ ಮಾಯವಾಗಿ, ಚಲನೆಯ ಸಂಕೇತಗಳು ಸರಿಯಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ರಕ್ತದಲ್ಲಿ ಬಿ6 ಮಟ್ಟ ನೋಡುವುದಾದರೆ ಬೇಗ ನೋಡಬೇಕು. ಮಾತ್ರೆ ಬಿಟ್ಟು ಕೆಲವು ವಾರ ಕಳೆದರೆ ಮಟ್ಟ ಇಳಿದಿರುತ್ತದೆ, ಹಾನಿ ಮಾತ್ರ ಉಳಿದಿರುತ್ತದೆ. ಜೊತೆಗೆ ಮೂರು ತಿಂಗಳ ಸಕ್ಕರೆಯ ಸರಾಸರಿ, ಬಿ12, ಥೈರಾಯ್ಡ್ ನೋಡಿಸಿ. ಎರಡು ವರ್ಷದ ಹಿಂದಿನ ಮೊದಲ ಜುಮುಗುಡುವಿಕೆಗೆ ಏನೋ ಕಾರಣ ಇದ್ದೇ ಇತ್ತು. ಅದನ್ನು ಯಾರೂ ಹುಡುಕಿದಂತೆ ಕಾಣುವುದಿಲ್ಲ.

ಈಗ ಹೇಳುವುದನ್ನು ಮನೆಯವರೆಲ್ಲ ಓದಬೇಕು. ಮಾತ್ರೆ ನಿಲ್ಲಿಸಿದ ಮೇಲೆ ಎರಡರಿಂದ ಆರು ವಾರಗಳವರೆಗೆ ಜೋಮು, ಉರಿ ಇನ್ನಷ್ಟು ಹೆಚ್ಚಾಗಬಹುದು. ಈಗಾಗಲೇ ಪೆಟ್ಟು ತಿಂದ ನರ ಇನ್ನೂ ಸ್ವಲ್ಪ ಕಾಲ ಸೊರಗುತ್ತಲೇ ಹೋಗುತ್ತದೆ. ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ. 'ಮಾತ್ರೆ ಬಿಟ್ಟದ್ದೇ ತಪ್ಪಾಯಿತು, ನೋಡಿ ಹೇಗೆ ಹೆಚ್ಚಾಯಿತು' ಎಂದು ಮತ್ತೆ ನುಂಗುತ್ತಾರೆ. ದಯವಿಟ್ಟು ನುಂಗಿಸಬೇಡಿ. ಸುಧಾರಣೆ ಕಾಣಲು ತಿಂಗಳುಗಳೇ ಬೇಕು. ಹೆಚ್ಚಿನವರಿಗೆ ಸಾಕಷ್ಟು ಗುಣವಾಗುತ್ತದೆ, ಆದರೆ ಕೋಶವೇ ಸತ್ತಿದ್ದರೆ ಅಷ್ಟು ಭಾಗ ಮರಳುವುದಿಲ್ಲ. ಅಲ್ಲಿಯವರೆಗೆ ಬಚ್ಚಲಿನ ದಾರಿಯಲ್ಲಿ ರಾತ್ರಿ ದೀಪ ಇರಲಿ, ಸ್ನಾನದ ಬಿಸಿನೀರನ್ನು ಬೇರೆಯವರು ಮುಟ್ಟಿ ನೋಡಲಿ, ಮಲಗುವ ಮುನ್ನ ಅಂಗಾಲಿನಲ್ಲಿ ಗಾಯವಿದೆಯೇ ಎಂದು ನೀವೇ ನೋಡಿ.

ಎಷ್ಟು ಪ್ರಮಾಣದಿಂದ ಅಪಾಯ ಎಂಬುದಕ್ಕೆ ಎಲ್ಲರಿಗೂ ಒಂದೇ ಗೆರೆ ಎಳೆಯಲು ಬರುವುದಿಲ್ಲ. 1983ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಏಳು ರೋಗಿಗಳು ದಿನಕ್ಕೆ 2ರಿಂದ 6 ಗ್ರಾಂ ನುಂಗುತ್ತಿದ್ದರು. ಆಮೇಲೆ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿಯೂ ತೊಂದರೆ ಕಂಡುಬಂದಿತು. ಅಮೆರಿಕದಲ್ಲಿ ವಯಸ್ಕರಿಗೆ ಹಾಕಿದ ಮೇಲ್ಮಿತಿ ದಿನಕ್ಕೆ 100 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮೇಲ್ಮಿತಿಯನ್ನು 12ಕ್ಕೆ ಇಳಿಸಿತು. ನಾನು ಎಚ್ಚರಿಕೆಯ ಪಕ್ಷದವನು. ನಿರ್ದಿಷ್ಟ ಕಾರಣವೂ ನಿಲ್ಲಿಸುವ ದಿನಾಂಕವೂ ಇಲ್ಲದೆ 100 ಮಿಲಿಗ್ರಾಂ ಬರೆಯುವುದಿಲ್ಲ.

ಪ್ರಶ್ನೆ: ಹೆಚ್ಚಾದ ವಿಟಮಿನ್ ಮೂತ್ರದಲ್ಲಿ ಹೋಗುತ್ತದಲ್ಲ? ನನಗೆ ಮೂತ್ರ ಹಳದಿಯಾಗಿಯೇ ಹೋಗುತ್ತಿದೆ. (ಸುರತ್ಕಲ್)

ಉತ್ತರ: ಆ ಹಳದಿ ಬಿ2ರದ್ದು. ಬಿ6 ಹೊರಗೆ ಹೋಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ, ಮೇಲಿನ ಉತ್ತರವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ಹಾಗಾದರೆ ಬಾಳೆಹಣ್ಣು, ಬಂಗುಡೆ ಬಿಡಬೇಕೇ? (ಮಲ್ಪೆ)

ಉತ್ತರ: ಬೇಡ. ಊಟದ ಬಿ6ನಿಂದ ಯಾರಿಗೂ ನರ ಕೆಟ್ಟಿಲ್ಲ.

ಪ್ರಶ್ನೆ: ವಾರಕ್ಕೊಂದು 'ನರದ ಶಕ್ತಿಯ ಇಂಜೆಕ್ಷನ್' ಕೊಡುತ್ತಾರೆ, ಕಾಲಿಗೆ ಯಂತ್ರ ಇಟ್ಟು ನರದ ಬ್ಲಾಕ್ ತೆಗೆಯುತ್ತಾರೆ. ಒಳ್ಳೆಯದೇ? (ಬಂಟ್ವಾಳ)

ಉತ್ತರ: ನರದಲ್ಲಿ ಯಂತ್ರದಿಂದ ತೆಗೆಯುವಂಥ ಬ್ಲಾಕ್ ಇರುವುದಿಲ್ಲ, ಅದು ಹಣ ಕೀಳುವ ಸುಳ್ಳು. ಅಂಥ ಕೆಲವು ಇಂಜೆಕ್ಷನ್‌ಗಳಲ್ಲಿ ಒಂದೊಂದರಲ್ಲಿಯೂ 100 ಮಿಲಿಗ್ರಾಂ ಬಿ6 ಇರುತ್ತದೆ, ಬಾಟಲಿಯ ಚೀಟಿ ಕೇಳಿ ಓದಿ. ತೋರಿಸದವರಿಂದ ಚುಚ್ಚಿಸಿಕೊಳ್ಳಬೇಡಿ.

ಪ್ರಶ್ನೆ: ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಜೊತೆಗೆ ಬಿ6 ಕೊಟ್ಟಿದ್ದಾರೆ. ಹೆದರಿ ನಿಲ್ಲಿಸಿದ್ದೇನೆ. (ಕಾರ್ಕಳ)

ಉತ್ತರ: ಇವತ್ತೇ ಮತ್ತೆ ಶುರು ಮಾಡಿ. ಐಸೋನಿಯಜಿಡ್ ಎಂಬ ಕ್ಷಯದ ಔಷಧಿ ದೇಹದ ಬಿ6 ಅನ್ನು ಬರಿದು ಮಾಡಿ ನರ ಕೆಡಿಸುತ್ತದೆ. ಅದನ್ನು ತಡೆಯಲು ಸಾಮಾನ್ಯವಾಗಿ ದಿನಕ್ಕೆ 10 ಮಿಲಿಗ್ರಾಂ ಕೊಡುತ್ತಾರೆ, ಅದು ನಿಮಗೆ ಬೇಕೇಬೇಕು. ನಿಮ್ಮ ಸ್ಟ್ರಿಪ್‌ನಲ್ಲಿ ಇನ್ನೂ ದೊಡ್ಡ ಅಂಕಿ ಕಂಡರೆ ನೀವಾಗಿ ಬಿಡಬೇಡಿ, ಔಷಧಿ ಕೊಟ್ಟ ಕೇಂದ್ರಕ್ಕೇ ಹೋಗಿ ಏಕೆ, ಎಷ್ಟು ದಿನ ಎಂದು ಕೇಳಿ.